ಹನ್ನೆರಡು ದಿನ ತಡವಾಗಿ ಹೊರಟದ್ದಕ್ಕೆ

ನಾನು ಬೆಂಗಳೂರಿನಿಂದ ಜರ್ಮನಿಗೆ ಹೊರಟದ್ದು 2022ರ ಅಕ್ಟೋಬರ್ 10ರಂದು. ಏಪ್ರಿಲ್ 1ರಿಂದ ಎಣಿಸಿದರೆ ಭಾರತದಲ್ಲಿದ್ದದ್ದು 193 ದಿನ. ಕೆಲಸಕ್ಕೆಂದು ದೇಶ ಬಿಡುವ ಭಾರತೀಯ ಪ್ರಜೆ ಆ ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ; ಆಗ ವಿದೇಶದ ಸಂಬಳಕ್ಕೂ ಇಲ್ಲಿ ತೆರಿಗೆ. ಸೆಪ್ಟೆಂಬರ್ 28ಕ್ಕೇ ವಿಮಾನ ಹತ್ತಿದ್ದರೆ ಜರ್ಮನಿಯ ಸಂಬಳಕ್ಕೆ ಭಾರತದಲ್ಲಿ ತೆರಿಗೆಯೇ ಬರುತ್ತಿರಲಿಲ್ಲ. ದಸರೆ ಮುಗಿಸಿಕೊಂಡು ಹೋಗು ಎಂದು ಅಮ್ಮ ಹೇಳಿದ್ದಳು. ಅದು ನನಗೆ ದುಬಾರಿಯಾಯಿತು.

ರಿಟರ್ನ್ ಸಲ್ಲಿಸಲು ಕುಳಿತಾಗ ಮೊದಲ ತಪ್ಪು ಮಾಡಿದೆ. ಜರ್ಮನಿಯ ವೇತನ ಚೀಟಿಯಲ್ಲಿ ತಿಂಗಳಿಗೆ ಸುಮಾರು ಶೇ. 37ರಷ್ಟು ಕಡಿತವಿತ್ತು. ಅಷ್ಟನ್ನೂ ವಿದೇಶಿ ತೆರಿಗೆ ಎಂದು ಬರೆದುಕೊಂಡೆ. ಆದರೆ ಅದರಲ್ಲಿ ತೆರಿಗೆ ಎನಿಸುವುದು ‘ಲೋನ್‌ಸ್ಟಾಯರ್’ ಎಂಬ ಒಂದು ಸಾಲು ಮಾತ್ರ, ಶೇ. 17ರ ಆಸುಪಾಸು. ಉಳಿದದ್ದು ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆಯ ವಂತಿಗೆ. ಅವುಗಳಿಗೆ ಭಾರತದಲ್ಲಿ ತೆರಿಗೆ ಜಮೆ, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ.

ಜಮೆಯ ನಿಯಮ ಸರಳ: ಅಲ್ಲಿ ಕಟ್ಟಿದ ತೆರಿಗೆ, ಅದೇ ಆದಾಯದ ಮೇಲೆ ಇಲ್ಲಿ ಬರುವ ತೆರಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನನ್ನ ಒಟ್ಟು ತೆರಿಗೆಯೋಗ್ಯ ಆದಾಯ 27 ಲಕ್ಷ ರೂಪಾಯಿ. ಅದರಲ್ಲಿ ಜರ್ಮನಿಯದು 20 ಲಕ್ಷ. ಹಳೆಯ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 6,47,400 ರೂಪಾಯಿ, ಅಂದರೆ ಸರಾಸರಿ ಶೇ. 24. ಹಾಗಾಗಿ ಜರ್ಮನಿಯ ಪಾಲಿಗೆ ಇಲ್ಲಿ ಬಿದ್ದ ತೆರಿಗೆ ಸುಮಾರು 4.80 ಲಕ್ಷ. ಅಲ್ಲಿ ಕಡಿತವಾದದ್ದು 3.40 ಲಕ್ಷ.

ಇಲ್ಲೊಂದು ತೊಡಕಿತ್ತು. ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. 2022ರ ಲೆಕ್ಕ ಅಲ್ಲಿ ಸಲ್ಲಿಸಿದ ಮೇಲೆ ಸುಮಾರು 35,000 ರೂಪಾಯಿಯಷ್ಟು ಮರಳಿ ಬಂತು. ಮರಳಿದ ತೆರಿಗೆಗೆ ಜಮೆ ಕೇಳುವಂತಿಲ್ಲ, ಅದನ್ನು ಕಳೆದೆ. ಉಳಿದ ಜಮೆ 3.05 ಲಕ್ಷ. ವ್ಯತ್ಯಾಸವಾದ 1.75 ಲಕ್ಷವನ್ನು ಇಲ್ಲಿ ಕಟ್ಟಬೇಕಾಯಿತು; ಮುಂಗಡ ತೆರಿಗೆ ಕಟ್ಟದ ಕಾರಣ ಬಡ್ಡಿಯೂ ಸೇರಿತು.

ದಾಖಲೆಯಲ್ಲೂ ಅದೇ ಜಗಳ. ಉದ್ಯೋಗದಾತರು ಕೊಡುವ ವಾರ್ಷಿಕ ಪ್ರಮಾಣಪತ್ರ ಡಿಸೆಂಬರ್‌ಗೆ ನಿಲ್ಲುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ತೆರಿಗೆಗೆ ತಿಂಗಳ ವೇತನ ಚೀಟಿಗಳನ್ನೇ ಲಗತ್ತಿಸಿದೆ. ಯೂರೋವನ್ನು ರೂಪಾಯಿಗೆ ತಿರುಗಿಸಲು ಆ ದಿನದ ದರ ನಡೆಯುವುದಿಲ್ಲ. ಸಂಬಳ ಬಂದ, ತೆರಿಗೆ ಕಡಿತವಾದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಖರೀದಿ ದರ, ಅಂದರೆ ಆ ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ, ಬೇಕು. ಗೂಗಲ್ ದರ ಹಾಕಿದ್ದ ನನ್ನ ಪಟ್ಟಿಯನ್ನು ಪೂರ್ತಿ ಅಳಿಸಿ ಬರೆದೆ.

ಕೊನೆಗೆ ಇ-ಫೈಲಿಂಗ್ ತಾಣದಲ್ಲಿ ಮೊದಲು ಜಮೆ ಕೇಳುವ ಫಾರಂ 67 ಸಲ್ಲಿಸಿ, ಅದೇ ಅಂಕಿಗಳನ್ನು ರಿಟರ್ನ್‌ನಲ್ಲಿ ವಿದೇಶಿ ಆದಾಯದ ಎಫ್‌ಎಸ್‌ಐ ಮತ್ತು ತೆರಿಗೆ ಜಮೆಯ ಟಿಆರ್ ಅನುಸೂಚಿಗಳಲ್ಲಿ ತುಂಬಿದೆ. ಮ್ಯೂನಿಕ್‌ನ ಬ್ಯಾಂಕ್ ಖಾತೆಯನ್ನು ವಿದೇಶಿ ಆಸ್ತಿಯ ಎಫ್‌ಎ ಅನುಸೂಚಿಯಲ್ಲಿ ತೋರಿಸಿದೆ. ಮರುವರ್ಷ ನಾನು ಅನಿವಾಸಿ. ಅಲ್ಲಿ ದುಡಿದ ಸಂಬಳದ ಒಂದು ಸಾಲೂ ಭಾರತದ ರಿಟರ್ನ್‌ಗೆ ಬರಲಿಲ್ಲ.