ಒಂದೇ ಮುಖ, ಎರಡು ಬಣ್ಣ: ಮಲ್ಲಿಗೆ ನೋಡಿ

ಉಡುಪಿಯಲ್ಲಿ ಅಕ್ಕನ ಮಗಳ ಮದುವೆಯನ್ನು ಫೋನಲ್ಲೇ ತೆಗೆದೆ. ಅಂಗಳದ ನೆರಳಲ್ಲಿ ಅವಳ ಮುಖ ನೀಲಿ ನೀಲಿ, ಒಳಗೆ ಬಲ್ಬಿನ ಕೆಳಗೆ ಕಿತ್ತಳೆ.

ಎಡಿಟ್ ಮಾಡುವಾಗ ಚೆನ್ನಾಗಿ ಬಂದ ಒಂದು ಶಾಟ್ ಆರಿಸಿ, ಉಳಿದದ್ದನ್ನು ಅದಕ್ಕೇ ಹೊಂದಿಸಿ. ಮೊದಲು ಎಕ್ಸ್‌ಪೋಶರ್. ಮುಖದ ಬೆಳಕು ಎರಡರಲ್ಲೂ ಒಂದೇ ಆಗಲಿ. ಆಮೇಲೆ ಬಣ್ಣ. ಮುಖವನ್ನೇ ನೋಡ್ತಾ ಕೂತರೆ ಕಣ್ಣು ಮೋಸ ಹೋಗುತ್ತದೆ, ಮುಡಿದ ಶಂಕರಪುರ ಮಲ್ಲಿಗೆ ನೋಡಿ. ಅದು ಹಳದಿಯಾಗಿದ್ದರೆ ಟೆಂಪರೇಚರ್ ಸ್ಲೈಡರನ್ನು ನೀಲಿ ಕಡೆಗೆ ಸರಿಸಿ. ಹಸಿರು ಉಳಿದರೆ ಟಿಂಟನ್ನು ಗುಲಾಬಿ ಕಡೆಗೆ, ಸ್ವಲ್ಪ ಸ್ವಲ್ಪವೇ. ಹೂ ಬೆಳ್ಳಗಾದರೆ ಚರ್ಮದ ಬಣ್ಣವೂ ಹತ್ತಿರ ಬರುತ್ತದೆ.

ಕಿಟಕಿ ಬೆಳಕು, ಬಲ್ಬು ಎರಡೂ ಮುಖಕ್ಕೆ ಬಿದ್ದಿದ್ದರೆ ಮಾತ್ರ ಇದು ಸಾಲದು. ಅರ್ಧ ಮುಖ ಸರಿಯಾದರೆ ಇನ್ನರ್ಧ ಕೆಡುತ್ತದೆ. ಅಂಥ ಕಡೆ ತೆಗೆಯುವಾಗಲೇ ಬಲ್ಬ್ ಆಫ್ ಮಾಡಿಬಿಡಿ.