ಮಗು ಬರೋ ಮೊದಲೇ ಕರಿಯನಿಗೆ ಅಳು ಕೇಳಿಸಿದ್ದು: ನನ್ನ ಅನುಭವ

"ಅಳಿಯಂದ್ರೆ, ನಾಯಿನ ಎಲ್ಲಾದ್ರೂ ಬಿಟ್ಟುಬನ್ನಿ" ಅಂತ ಅತ್ತೆ ಏಳನೇ ತಿಂಗಳಿಂದಲೇ ಶುರು ಮಾಡಿದ್ದರು. ಬಾಣಂತನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲೇ ಅಂತ ಆಗಿತ್ತು. ಕರಿಯ ಬೀದಿಯಿಂದ ತಂದ ನಾಯಿ, ನಾಲ್ಕು ವರ್ಷ. ಕುಕ್ಕರ್ ಕೂಗಿದರೆ ಮಂಚದಡಿ ಸೇರೋನು. ಹಾಗಾಗಿ ನನಗೆ ಭಯ ಇದ್ದದ್ದು ಮಗುವಿನ ಅಳುವಿನದೇ.

ಮೊದಲು ಒಬ್ಬ ಟ್ರೈನರ್‌ಗೆ ಎಂಟೋ ಒಂಬತ್ತೋ ಸಾವಿರ ಕೊಟ್ಟೆ. ಟಿವಿಯಲ್ಲಿ ಅಳು ಜೋರಾಗಿ ಹಾಕಿ, ತಾನೇ ಅಭ್ಯಾಸ ಆಗುತ್ತೆ ಅಂದರು. ಆಗಲಿಲ್ಲ, ಎರಡು ದಿನ ಕರಿಯ ಹಾಲ್‌ಗೇ ಬರಲಿಲ್ಲ, ಟಿವಿ ರಿಮೋಟ್ ಕೈಗೆತ್ತಿಕೊಂಡರೂ ನಡುಗೋನು. ಒಂದು ವಾರ ಎಲ್ಲಾ ನಿಲ್ಲಿಸಿ ನಾನೇ ಶುರು ಮಾಡಿದೆ.

ಫೋನನ್ನು ಪಕ್ಕದ ರೂಮಿನಲ್ಲಿಟ್ಟು, ನನಗೇ ಕಷ್ಟಪಟ್ಟು ಕೇಳಿಸುವಷ್ಟು ಸಣ್ಣಗೆ ಹಾಕಿದೆ. ಅಳು ಶುರುವಾದ ಮೇಲೆ ಬೇಯಿಸಿದ ಚಿಕನ್ ಚೂರು, ಅಳು ನಿಂತರೆ ಚಿಕನ್ನೂ ನಿಂತಿತು. ಇಲ್ಲೂ ಎಡವಿದೆ. ಮೊದಲ ವಾರ ಡಬ್ಬಿ ತೆಗೆದು ಆಮೇಲೆ ಸೌಂಡ್ ಹಾಕುತ್ತಿದ್ದೆ, ಅವನು ಡಬ್ಬಿ ಕಂಡರೇ ಓಡೋಕೆ ಶುರು ಮಾಡಿದ. ಡಬ್ಬಿ ಬಂತು ಅಂದ್ರೆ ಆ ಸದ್ದು ಬರುತ್ತೆ ಅಂತ ಲೆಕ್ಕ ಹಾಕಿಬಿಟ್ಟಿದ್ದ, ಅಲ್ವಾ! ಆಮೇಲಿಂದ ಸದ್ದು ಮೊದಲು, ಚೂರು ಆಮೇಲೆ.

ದಿನಕ್ಕೆ ಎರಡು ಸಲ, ಐದೈದು ನಿಮಿಷ. ತುಟಿ ನೆಕ್ಕಿಕೊಂಡರೆ, ಸುಮ್‌ಸುಮ್ನೆ ಆಕಳಿಸಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಚಿಕನ್ನೇ ಬೇಡ ಅಂದರೆ ಸೌಂಡ್ ಜಾಸ್ತಿ ಆಯ್ತು ಅಂತ. ಮೂರು ವಾರಕ್ಕೆ ಅಳು ಕೇಳಿದ ಕೂಡಲೇ ನನ್ನ ಮುಖ ನೋಡೋಕೆ ಶುರು ಮಾಡಿದ, ಆಗ ಫೋನನ್ನು ತೊಟ್ಟಿಲು ಇಡೋ ಮೂಲೆಗೆ ತಂದೆ. ಒಂದೇ ರೆಕಾರ್ಡಿಂಗ್ ಸಾಲದು. ನಾದಿನಿಯ ಮಗುವಿನ ಅಳು ಹಾಕಿದಾಗ ಮತ್ತೆ ಬೆಚ್ಚಿಬಿದ್ದ, ಅದಕ್ಕೂ ಮೊದಲಿನಿಂದ ಮಾಡಬೇಕಾಯ್ತು. ಒಟ್ಟು ಆರೇಳು ವಾರ, ಚಿಕನ್‌ಗೆ ಸುಮಾರು ಎರಡು ಸಾವಿರ.

ನಡುವೆ ಬಟ್ಟೆ ಸುತ್ತಿದ ಗೊಂಬೆ ಎತ್ತಿಕೊಂಡು ಓಡಾಡಿ ನೋಡಿದೆ. ಶುದ್ಧ ದಂಡ. ಅವನು ಅದರ ಕಾಲು ಕಿತ್ತು ಆಟ ಆಡಿದ. ಸಾಂಬ್ರಾಣಿ ಹೊಗೆ ಮಾತ್ರ ಮೊದಲೇ ಅಭ್ಯಾಸ ಮಾಡಿಸಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ಬಾಣಂತಿ ರೂಮಿನ ಬಾಗಿಲಲ್ಲಿ ಸೀನುತ್ತಲೇ ಕೂತಿರುತ್ತಿದ್ದ.

ಮನೆಗೆ ಬಂದ ದಿನ ಹೆಂಡತಿ ಒಬ್ಬಳೇ ಮೊದಲು ಒಳಗೆ ಬಂದಳು. ಕರಿಯ ಕುಣಿದು ಸುಸ್ತಾದ ಮೇಲೆ ಬೆಲ್ಟ್ ಹಾಕಿ ಹಿಡಿದುಕೊಂಡೆ, ಮಗು ಹತ್ತಡಿ ದೂರದಲ್ಲಿ ಅತ್ತೆಯ ಕೈಲಿ. ಅತ್ತಿತು. ಅವನು ಮಗುವನ್ನಲ್ಲ, ನನ್ನ ಕೈ ನೋಡಿದ! ರಾತ್ರಿ ಎರಡು ಗಂಟೆ ಅಳುವಿಗೆ ಬೇರೆ ಉಪಾಯ ಇದೆ, ಅದು ನನ್ನಲ್ಲೇ ಇರಲಿ.

ಇದು ಅಳುವಿಗೆ ಮಾತ್ರ. ಮಗು ಅಂಬೆಗಾಲಿಟ್ಟು ಬಾಲ ಹಿಡಿಯೋಕೆ ಬಂದರೆ ಕಥೆಯೇ ಬೇರೆ, ಅದಕ್ಕೇ ರೂಮಿನ ಬಾಗಿಲಿಗೆ ಗೇಟ್ ಹಾಕಿಸಿದ್ದೀನಿ, ಇಬ್ಬರನ್ನೇ ಒಂದು ನಿಮಿಷವೂ ಬಿಡಲ್ಲ. ಗುರ್ ಅಂದರೆ ಬೈಯೋದೂ ಇಲ್ಲ, ಬೈದರೆ ಮುಂದಿನ ಸಲ ಗುರ್ ಅನ್ನದೇ ಕಚ್ಚಬಹುದು. ಅತ್ತೆ ಈಗ ಅವನಿಗೆ ದಿನಾ ರೊಟ್ಟಿ ಚೂರು ಹಾಕುತ್ತಾರೆ, ನಾನು ನೋಡಿಲ್ಲ ಅಂದ್ಕೊಂಡು.