ಮೀಟರ್ ಸೊನ್ನೆ ತೋರಿಸಿದ ಮಾತ್ರಕ್ಕೆ ಬಸ್‌ಬಾರ್ ಪ್ರೊಟೆಕ್ಷನ್ ಸ್ಟೇಬಲ್ ಅಲ್ಲ: ನನ್ನ ಅನುಭವ

ಬೆಂಗಳೂರಿನ ಸುತ್ತಮುತ್ತ 66 ಕೆವಿ ಸ್ಟೇಷನ್‌ಗಳಲ್ಲಿ ರಿಲೇ ಟೆಸ್ಟಿಂಗ್ ಮಾಡುವುದು ನನ್ನ ಕೆಲಸ. ಹೈ ಇಂಪಿಡೆನ್ಸ್ ಬಸ್‌ಬಾರ್ ಡಿಫರೆನ್ಷಿಯಲ್ ಸ್ಕೀಮ್‌ಗೆ ಹೊಸ ಬೇ ಸೇರಿಸುವಾಗ ಬಹಳ ಕಡೆ ಒಂದೇ ಪದ್ಧತಿ ನೋಡಿದ್ದೇನೆ. ಪ್ರೈಮರಿ ಇಂಜೆಕ್ಷನ್ ಮಾಡ್ತಾರೆ, ರಿಲೇ ಹತ್ತಿರ ಮೀಟರ್ ಸೊನ್ನೆ ತೋರಿಸುತ್ತೆ, ‘ಸ್ಟೆಬಿಲಿಟಿ ಓಕೆ’ ಅಂತ ರಿಪೋರ್ಟ್ ಬರೀತಾರೆ. ಆ ಟೆಸ್ಟ್ ಬೇಕೇ ಬೇಕು. ಆದರೆ ಅದರಿಂದ ಗೊತ್ತಾಗುವುದು ವೈರಿಂಗ್ ಸರಿ ಇದೆ ಅನ್ನುವುದು ಮಾತ್ರ. ಹೊರಗಿನ ದೊಡ್ಡ ಫಾಲ್ಟ್‌ಗೆ ಬಸ್ ಟ್ರಿಪ್ ಆಗದೆ ನಿಲ್ಲುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಪೀಣ್ಯ ಕಡೆಯ ಒಂದು ಸ್ಟೇಷನ್‌ನಲ್ಲಿ ಮಾಡಿದ ಕೆಲಸದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ.

ಮೊದಲು ಈ ಸ್ಕೀಮ್ ಯಾಕೆ ಸ್ಟೇಬಲ್ ಆಗಿರುತ್ತದೆ ಅಂತ ನೋಡೋಣ. ಬಸ್‌ಗೆ ಸೇರಿದ ಎಲ್ಲಾ ಬೇಗಳ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿಗಳ ಸೆಕೆಂಡರಿಗಳನ್ನು ಪ್ಯಾನೆಲ್‌ನಲ್ಲಿ ಪ್ಯಾರಲಲ್ ಮಾಡಿರುತ್ತಾರೆ. ಆ ಬಸ್ ವೈರ್‌ಗಳ ಮೇಲೆ ಒಂದು ದೊಡ್ಡ ರೆಸಿಸ್ಟರ್, ಅದರ ಜೊತೆ ಸೀರೀಸ್‌ನಲ್ಲಿ ರಿಲೇ. ಹೊರಗಡೆ ಒಂದು ಫೀಡರ್‌ನಲ್ಲಿ ಫಾಲ್ಟ್ ಆಯ್ತು ಅಂದುಕೊಳ್ಳಿ. ಉಳಿದ ಬೇಗಳಿಂದ ಬಂದ ಕರೆಂಟ್ ಎಲ್ಲಾ ಸೇರಿ ಆ ಒಂದು ಫೀಡರ್‌ನ ಸಿಟಿ ಮೂಲಕ ಹೊರಗೆ ಹೋಗುತ್ತದೆ. ಹಾಗಾಗಿ ಜಾಸ್ತಿ ಒತ್ತಡ ಬೀಳುವುದು ಆ ಸಿಟಿ ಮೇಲೆ. ಅದೇ ಮೊದಲು ಸ್ಯಾಚುರೇಟ್ ಆಗುವುದು.

ಪೂರ್ತಿ ಸ್ಯಾಚುರೇಟ್ ಆದ ಸಿಟಿ ಕರೆಂಟ್ ಕೊಡುವುದಿಲ್ಲ. ಆಗ ಅದು ತಾಮ್ರದ ಸುರುಳಿ ಅಷ್ಟೇ, ಅದಕ್ಕೆ ವೈಂಡಿಂಗ್ ರೆಸಿಸ್ಟೆನ್ಸ್ ಮಾತ್ರ ಇರುತ್ತದೆ. ಉಳಿದ ಸಿಟಿಗಳ ಕರೆಂಟ್‌ಗೆ ಎರಡು ದಾರಿ. ಒಂದು ರಿಲೇಯ ದೊಡ್ಡ ರೆಸಿಸ್ಟರ್, ಇನ್ನೊಂದು ಈ ಸತ್ತ ಸಿಟಿ ಮತ್ತು ಅದರ ಕೇಬಲ್. ಬಹುಪಾಲು ಕರೆಂಟ್ ಎರಡನೇ ದಾರಿಯಲ್ಲೇ ಹೋಗುತ್ತದೆ. ಆಗ ರಿಲೇ ಮೇಲೆ ಬರಬಹುದಾದ ವೋಲ್ಟೇಜ್ ಇಷ್ಟು:

```
Vs = If × (Rct + 2RL)
```

If ಅಂದರೆ ಸೆಕೆಂಡರಿ ಲೆಕ್ಕದಲ್ಲಿ ಫಾಲ್ಟ್ ಕರೆಂಟ್. Rct ಸಿಟಿ ವೈಂಡಿಂಗ್‌ನದು. RL ಪ್ಯಾನೆಲ್‌ನಿಂದ ಸಿಟಿವರೆಗಿನ ಒಂದು ತಂತಿಯದು. ಅರ್ತ್ ಫಾಲ್ಟ್‌ನಲ್ಲಿ ಕರೆಂಟ್ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕಲ್ವಾ, ಅದಕ್ಕೆ ಎರಡು ಪಟ್ಟು. ಸೆಟ್ಟಿಂಗ್ ಈ ವೋಲ್ಟೇಜ್‌ಗಿಂತ ಮೇಲಿದ್ದರೆ, ಸಿಟಿ ಎಷ್ಟೇ ಕೆಟ್ಟದಾಗಿ ಸ್ಯಾಚುರೇಟ್ ಆದರೂ ರಿಲೇ ಎತ್ತುವುದಿಲ್ಲ. ಅಂದರೆ ಸ್ಟೆಬಿಲಿಟಿ ಪೂರ್ತಿ ಎರಡು ರೆಸಿಸ್ಟೆನ್ಸ್ ಮೇಲೆ ನಿಂತಿದೆ. ಅದರಲ್ಲೂ ಅತಿ ದೂರದ ಬೇಯದ್ದೇ ಮುಖ್ಯ.

ಪೀಣ್ಯದ ಆ ಸ್ಟೇಷನ್‌ನಲ್ಲಿ ಏಳು ಬೇ ಇದ್ದವು. ಯಾರ್ಡ್‌ನ ಕೊನೆಯಲ್ಲಿ ಎಂಟನೆಯದು ಬಂತು. ಎಲ್ಲಾ ಸಿಟಿ 1000/1. ಹಳೆಯ ಸೆಟ್ಟಿಂಗ್ 110 ವೋಲ್ಟ್. 0.2 ಆಂಪಿಯರ್ ಪಿಕಪ್, 550 ಓಮ್ ರೆಸಿಸ್ಟರ್. ಹಳೇ ಲೆಕ್ಕದ ಹಾಳೆ ಫೈಲ್‌ನಲ್ಲಿ ಸಿಕ್ಕಿತು. ಫಾಲ್ಟ್ ಕರೆಂಟ್ 20 ಕಿಲೋ ಆಂಪಿಯರ್, ಅತಿ ದೂರದ ಕೇಬಲ್ 60 ಮೀಟರ್ ಅಂತ ಹಿಡಿದಿದ್ದರು. ಆ ಕಾಲಕ್ಕೆ ಸರಿಯಾದ ಲೆಕ್ಕವೇ. ಹೊಸ ಬೇಗೆ ಕೇಬಲ್ 150 ಮೀಟರ್. ಉಪಕರಣಗಳ ರೇಟಿಂಗ್ 31.5 ಕಿಲೋ ಆಂಪಿಯರ್. ಸಿಟಿಯ ರೇಷಿಯೋ, ಕ್ಲಾಸ್ ಎಲ್ಲಾ ಹೊಂದುತ್ತವೆ ಅಂತ ಹಳೇ ಸೆಟ್ಟಿಂಗ್ ಹಾಗೇ ಇಟ್ಟು ಸೇರಿಸುವುದು ಅಂತ ಮಾತಾಗಿತ್ತು.

ನಾನು ಮೊದಲು ಪ್ಯಾನೆಲ್‌ನಿಂದ ಲೂಪ್ ರೆಸಿಸ್ಟೆನ್ಸ್ ಅಳೆದೆ. ಹೊಸ ಬೇಯ ತಂತಿಯನ್ನು ಬಸ್ ವೈರ್‌ನಿಂದ ಬಿಡಿಸಿ, ಸಿಟಿ ಟರ್ಮಿನಲ್‌ನಲ್ಲಿ ಶಾರ್ಟ್ ಮಾಡಿ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳತೆ. 2.5 ಚದರ ಮಿಮೀ ತಾಮ್ರ, ಹೋಗಿ ಬರಲು 300 ಮೀಟರ್. ಆರ್ ಮತ್ತು ವೈ ಫೇಸ್‌ನಲ್ಲಿ 2.3 ಓಮ್ ಬಂತು, ಕೇಬಲ್ ಲೆಕ್ಕಕ್ಕೆ ಸರಿಯಾಗಿ. ಬಿ ಫೇಸ್‌ನಲ್ಲಿ 3.1 ಬಂತು. ಮಾರ್ಷಲಿಂಗ್ ಬಾಕ್ಸ್ ತೆಗೆದು ನೋಡಿದರೆ ಡಿಸ್ಕನೆಕ್ಟಿಂಗ್ ಟರ್ಮಿನಲ್‌ನ ಸ್ಲೈಡಿಂಗ್ ಲಿಂಕ್ ಪೂರ್ತಿ ಕೂತಿರಲಿಲ್ಲ. ಸ್ಕ್ರೂ ಬಿಗಿಯಾಗಿತ್ತು, ಆದರೆ ಲಿಂಕ್‌ನ ತುದಿ ಮಾತ್ರ ತಾಗಿತ್ತು. ಸರಿಮಾಡಿದ ಮೇಲೆ ಅದೂ 2.3ಕ್ಕೆ ಇಳಿಯಿತು. ಇಂಜೆಕ್ಷನ್ ಟೆಸ್ಟ್‌ನಲ್ಲಿ ಈ 0.8 ಓಮ್ ಸುಳಿವೂ ಸಿಗುವುದಿಲ್ಲ. 31.5 ಆಂಪಿಯರ್ ಸೆಕೆಂಡರಿ ಕರೆಂಟ್ ಹರಿದಾಗ ಅದೊಂದರಿಂದಲೇ 25 ವೋಲ್ಟ್ ಜಾಸ್ತಿ.

ಸಿಟಿ ವೈಂಡಿಂಗ್ 3.4 ಓಮ್ ಬಂತು. ಅಳೆದಾಗ ಉಷ್ಣತೆ 28 ಡಿಗ್ರಿ. ತಾಮ್ರದ ರೆಸಿಸ್ಟೆನ್ಸ್ ಬಿಸಿಯಾದಂತೆ ಏರುತ್ತದೆ, ಆದ್ದರಿಂದ 75 ಡಿಗ್ರಿಗೆ ತಿದ್ದಬೇಕು. ಎರಡೂ ಉಷ್ಣತೆಗೆ ತಾಮ್ರದ 235 ಸೇರಿಸಿ, 310ನ್ನು 263ರಿಂದ ಭಾಗಿಸಿದರೆ 1.18 ಬರುತ್ತದೆ. ಅದರಿಂದ ಗುಣಿಸಿದರೆ ವೈಂಡಿಂಗ್ 4 ಓಮ್, ಕೇಬಲ್ 2.7 ಓಮ್. ಒಟ್ಟು 6.7.

ಈಗ ಹಳೆಯ 110 ವೋಲ್ಟನ್ನು 6.7ರಿಂದ ಭಾಗಿಸಿ. 16.4 ಬರುತ್ತದೆ. ಹೊಸ ಫೀಡರ್‌ನ ಬುಡದಲ್ಲೇ 16.4 ಕಿಲೋ ಆಂಪಿಯರ್‌ಗಿಂತ ದೊಡ್ಡ ಫಾಲ್ಟ್ ಆಗಿ ಸಿಟಿ ಪೂರ್ತಿ ಸ್ಯಾಚುರೇಟ್ ಆದರೆ, ಒಂದು ಫೀಡರ್ ಹೋಗಬೇಕಾದ ಕಡೆ ಎಂಟೂ ಬೇ ಟ್ರಿಪ್ ಆಗುವ ಅವಕಾಶ ಇತ್ತು.

ಜೊತೆಗಿದ್ದ ಹುಡುಗ ಕೇಳಿದ, “ಸರ್, ಇಂಜೆಕ್ಷನ್‌ನಲ್ಲಿ ಇದು ಗೊತ್ತಾಗಲ್ವಾ?” ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ. ನಾವು ಬಿಡುವುದು 200 ಆಂಪಿಯರ್, ಸೆಕೆಂಡರಿಯಲ್ಲಿ 0.2. ಸಿಟಿ ಪೂರ್ತಿ ಸತ್ತಿದ್ದರೂ 0.2 × 6.7, ಅಂದರೆ 1.3 ವೋಲ್ಟ್. ಅಷ್ಟು ಕಡಿಮೆ ಕರೆಂಟ್‌ಗೆ ಸಿಟಿ ಸ್ಯಾಚುರೇಟ್ ಆಗುವುದೂ ಇಲ್ಲ. ಮತ್ತೆ ಗೊತ್ತಾಗುವುದು ಹೇಗೆ?

ಹೊಸ ಲೆಕ್ಕದಲ್ಲಿ 31.5 × 6.7, ಅಂದರೆ 211 ವೋಲ್ಟ್. ಸ್ವಲ್ಪ ಅಂತರ ಇಟ್ಟು 225ಕ್ಕೆ ಸೆಟ್ ಮಾಡಿದರೆ ಮುಗೀತಲ್ಲ ಅನ್ನಿಸಬಹುದು. ಇಲ್ಲಿ ಸಿಟಿಯ ನೀ ಪಾಯಿಂಟ್, ಅಂದರೆ ಅದು ಸ್ಯಾಚುರೇಟ್ ಆಗಲು ಶುರುವಾಗುವ ವೋಲ್ಟೇಜ್, ಅಡ್ಡ ಬರುತ್ತದೆ. ಬಸ್ ಒಳಗೇ ಫಾಲ್ಟ್ ಆದಾಗ ಸಿಟಿಗಳು ರಿಲೇಯನ್ನು ಖಚಿತವಾಗಿ, ಬೇಗ ಎತ್ತಿಸಬೇಕು. ಅದಕ್ಕೆ ನೀ ಪಾಯಿಂಟ್ ವೋಲ್ಟೇಜ್ ಸೆಟ್ಟಿಂಗ್‌ನ ಎರಡು ಪಟ್ಟಾದರೂ ಇರಬೇಕು. ಹಳೆಯ ಸಿಟಿಗಳ ಸೆಕೆಂಡರಿಗೆ ವೋಲ್ಟೇಜ್ ಕೊಟ್ಟು ಏರಿಸುತ್ತಾ ಹೋದೆವು. ವೋಲ್ಟೇಜ್ ಶೇ. 10 ಏರಿಸಿದಾಗ ಮ್ಯಾಗ್ನೆಟೈಸಿಂಗ್ ಕರೆಂಟ್ ಶೇ. 50 ಏರುವ ಜಾಗವೇ ನೀ ಪಾಯಿಂಟ್. ಎಲ್ಲಕ್ಕಿಂತ ಕಡಿಮೆ ಬಂದದ್ದು 430 ವೋಲ್ಟ್. 225ರ ಎರಡು ಪಟ್ಟು 450. ಸಾಲದು.

ಅಂದರೆ ಸೆಟ್ಟಿಂಗ್ ಏರಿಸುವ ಬದಲು ಬೇಕಾದ ವೋಲ್ಟೇಜನ್ನೇ ಇಳಿಸಬೇಕು. ಹಳೇ ಸಿಟಿಗಳನ್ನು ಬದಲಿಸುವುದು ದೊಡ್ಡ ಖರ್ಚು. ಕೇಬಲ್ ಬದಲಿಸುವುದು ಚಿಕ್ಕ ಕೆಲಸ. 4 ಚದರ ಮಿಮೀ ಕೇಬಲ್ ಎಳೆಸಿದೆವು. ಲೂಪ್ 75 ಡಿಗ್ರಿಯಲ್ಲಿ 1.68 ಓಮ್‌ಗೆ ಇಳಿಯಿತು. ಈಗ 31.5 × 5.68, ಅಂದರೆ 179 ವೋಲ್ಟ್. 200 ವೋಲ್ಟ್ ಸೆಟ್ ಮಾಡಿದೆವು, ರೆಸಿಸ್ಟರ್ 550ರಿಂದ 1000 ಓಮ್‌ಗೆ. ನೀ ಪಾಯಿಂಟ್ 400 ಬೇಕು, 430 ಇದೆ.

ಸೆನ್ಸಿಟಿವಿಟಿ ಕೂಡ ಮತ್ತೆ ನೋಡಬೇಕು. 200 ವೋಲ್ಟ್‌ನಲ್ಲಿ ಒಂದೊಂದು ಸಿಟಿ ಸುಮಾರು 20 ಮಿಲಿ ಆಂಪಿಯರ್ ತಿನ್ನುತ್ತದೆ. ಎಂಟಕ್ಕೆ 160. ರಿಲೇಯ 200, ಮಿತಿಮೀರಿದ ವೋಲ್ಟೇಜ್ ತಡೆಯುವ ಮೆಟ್ರೋಸಿಲ್‌ಗೆ ಒಂದು 10. ಒಟ್ಟು 370 ಮಿಲಿ ಆಂಪಿಯರ್, ಪ್ರೈಮರಿಯಲ್ಲಿ 370 ಆಂಪಿಯರ್. ಆ ಬಸ್‌ನ ಕನಿಷ್ಠ ಫಾಲ್ಟ್ ಕರೆಂಟ್‌ಗೆ ಇದು ಬಹಳ ಕಡಿಮೆ, ತೊಂದರೆ ಇಲ್ಲ. ಮೆಟ್ರೋಸಿಲ್ ಮಾತ್ರ ಬಿಡುವ ಹಾಗೇ ಇಲ್ಲ. ಬಸ್ ಒಳಗಿನ ಫಾಲ್ಟ್‌ಗೆ ಈ 1000 ಓಮ್ ಮೇಲೆ ಲೆಕ್ಕದ ಪ್ರಕಾರ ಸುಮಾರು 10 ಕೆವಿ ಪೀಕ್ ಬರುತ್ತದೆ. 3 ಕೆವಿ ದಾಟಿದರೆ ಮೆಟ್ರೋಸಿಲ್ ಹಾಕಲೇಬೇಕು.

ಇಷ್ಟಾದ ಮೇಲೆ ಅರ್ತಿಂಗ್ ನೋಡಿದೆವು. ಪ್ಯಾರಲಲ್ ಮಾಡಿದ ಸಿಟಿಗಳಿಗೆಲ್ಲಾ ಸೇರಿ ಒಂದೇ ಕಡೆ ಅರ್ತ್ ಇರಬೇಕು, ಪ್ಯಾನೆಲ್‌ನಲ್ಲಿ. ಆ ಒಂದು ಅರ್ತ್ ಬಿಚ್ಚಿ ನ್ಯೂಟ್ರಲ್ ಬಸ್ ವೈರ್‌ಗೆ 500 ವೋಲ್ಟ್ ಮೆಗ್ಗರ್ ಹಾಕಿದೆವು. ಮುಳ್ಳು ಸೊನ್ನೆಯಲ್ಲೇ ನಿಂತಿತು. ಒಂದೊಂದೇ ಬೇ ಬಿಡಿಸುತ್ತಾ ಬಂದಾಗ ಹೊಸ ಬೇಯ ಮಾರ್ಷಲಿಂಗ್ ಬಾಕ್ಸ್‌ನಲ್ಲಿ ಇನ್ನೊಂದು ಅರ್ತ್ ಲಿಂಕ್ ಸಿಕ್ಕಿತು. ಬೇರೆ ಸಿಟಿ ಕೋರ್‌ಗಳಿಗೆ ಅಲ್ಲೇ ಅರ್ತ್ ಕೊಡುವುದು ರೂಢಿ, ಇದಕ್ಕೂ ಹಾಗೇ ಕೊಟ್ಟಿದ್ದರು.

ಇದು ಯಾಕೆ ಅಪಾಯ ಅಂದರೆ, ಹೊರಗೆ ಅರ್ತ್ ಫಾಲ್ಟ್ ಆದಾಗ ಯಾರ್ಡ್‌ನ ಆ ತುದಿಗೂ ಕಂಟ್ರೋಲ್ ರೂಮ್‌ಗೂ ನೆಲದ ವೋಲ್ಟೇಜ್ ಒಂದೇ ಇರುವುದಿಲ್ಲ. ಎರಡು ಅರ್ತ್ ಇದ್ದರೆ ಆ ವ್ಯತ್ಯಾಸ ನಮ್ಮ ನ್ಯೂಟ್ರಲ್ ತಂತಿಯಲ್ಲೇ ಕರೆಂಟ್ ಹರಿಸುತ್ತದೆ. ಅದೇ ಹೊತ್ತಿಗೆ ಆ ಬೇಯ ಸಿಟಿ ಸ್ಯಾಚುರೇಟ್ ಆಗಿದ್ದರೆ, ತಂತಿಯ ಡ್ರಾಪ್ ನಾವು ಹಾಕಿದ 179ರ ಮೇಲೆ ಸೇರಿಕೊಳ್ಳುತ್ತದೆ. ಯಾವ ಸೂತ್ರದಲ್ಲೂ ಅದು ಇಲ್ಲ. ಇಂಜೆಕ್ಷನ್ ಟೆಸ್ಟ್‌ನಲ್ಲಿ ನೆಲದೊಳಗೆ ಫಾಲ್ಟ್ ಕರೆಂಟ್ ಹರಿಯುವುದೇ ಇಲ್ಲ, ಹಾಗಾಗಿ ಅಲ್ಲೂ ಕಾಣುವುದಿಲ್ಲ. ಲಿಂಕ್ ತೆಗೆದು, ಮೆಗ್ಗರ್ ಮತ್ತೆ ಹಾಕಿ, ಪ್ಯಾನೆಲ್ ಅರ್ತ್ ವಾಪಸ್ ಕಟ್ಟಿದೆವು.

ಇಂಜೆಕ್ಷನ್‌ನ್ನು ಕೊನೆಗೆ ಇಟ್ಟುಕೊಂಡೆವು. ಬಸ್‌ಗೆ ಲೈನ್ ಕ್ಲಿಯರ್ ತಗೊಂಡು, ಟ್ರಿಪ್ ಲಿಂಕ್ ಎಲ್ಲಾ ತೆಗೆದು, ಒಂದು ಹಳೇ ಬೇಯಲ್ಲಿ ಕರೆಂಟ್ ಬಿಟ್ಟು ಹೊಸ ಬೇಯಲ್ಲಿ ಹೊರಗೆ ತಂದೆವು. ನಾನು ಸ್ಪಿಲ್ ಕರೆಂಟ್‌ಗಿಂತ ರೆಸಿಸ್ಟರ್ ಮತ್ತು ರಿಲೇ ಎರಡರ ಮೇಲಿನ ವೋಲ್ಟೇಜ್ ನೋಡುತ್ತೇನೆ, ಅದು ಹೆಚ್ಚು ಸ್ಪಷ್ಟ. ಎಲ್ಲಾ ಸರಿ ಇದ್ದಾಗ ವೋಲ್ಟ್‌ನ ಹತ್ತನೇ ಒಂದು ಭಾಗವೂ ಬರಲಿಲ್ಲ. ಆಮೇಲೆ ಹೊಸ ಸಿಟಿಯ ಪೊಲಾರಿಟಿ ಬೇಕಂತಲೇ ತಿರುಗಿಸಿ ಬರೀ 50 ಆಂಪಿಯರ್ ಬಿಟ್ಟರೂ ಹತ್ತಾರು ವೋಲ್ಟ್ ಏರಿತು. ಈ ಉಲ್ಟಾ ಟೆಸ್ಟ್ ಮಾಡದೆ ಸೊನ್ನೆಯನ್ನು ನಂಬಬಾರದು. ಬಸ್ ವೈರ್ ಎಲ್ಲೋ ಶಾರ್ಟ್ ಆಗಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಉಲ್ಟಾ ಮಾಡುವಾಗ ಕರೆಂಟ್ ಕಡಿಮೆ ಇಡಿ. 200 ಬಿಟ್ಟರೆ ಪ್ಯಾನೆಲ್ ಟರ್ಮಿನಲ್‌ನಲ್ಲಿ ನೂರು ವೋಲ್ಟ್ ಸುಲಭವಾಗಿ ದಾಟುತ್ತದೆ, ಕೈ ಅಲ್ಲೇ ಇರುತ್ತದೆ.

ಏಪ್ರಿಲ್‌ನ ಮೊದಲ ಗಾಳಿ ಮಳೆಗೆ ಹೊಸ ಫೀಡರ್‌ನಲ್ಲೇ ಅರ್ತ್ ಫಾಲ್ಟ್ ಆಯ್ತು, ಸುಮಾರು 9 ಕಿಲೋ ಆಂಪಿಯರ್. ಫೀಡರ್ ಹೋಯಿತು, ಬಸ್ ನಿಂತಿತು. ರಿಲೇಯ ರೆಕಾರ್ಡ್ ಇಳಿಸಿಕೊಂಡು ನೋಡಿದೆ. ಡಿಫರೆನ್ಷಿಯಲ್ ಕರೆಂಟ್ 0.03 ಆಂಪಿಯರ್‌ವರೆಗೆ ಹೋಗಿತ್ತು. 1000 ಓಮ್ ಮೇಲೆ ಅದು 30 ವೋಲ್ಟ್. ಸಿಟಿ ಪೂರ್ತಿ ಸ್ಯಾಚುರೇಟ್ ಆಗಿದ್ದರೆ 9 × 5.68, 51 ವೋಲ್ಟ್ ಬರಬೇಕಿತ್ತು. ಅಂದರೆ ಅರ್ಧಂಬರ್ಧ ಸ್ಯಾಚುರೇಟ್ ಆಗಿತ್ತು, ಸೂತ್ರ ಹೇಳಿದ ಮಿತಿಯೊಳಗೇ ಇತ್ತು.

ಆ ಬಸ್‌ಗೆ ಇನ್ನೂ ದೂರದಲ್ಲಿ ಒಂಬತ್ತನೇ ಬೇ ಬಂದರೆ ಈ ದಾರಿ ಹೆಚ್ಚು ಕಮ್ಮಿ ಮುಚ್ಚಿದ ಹಾಗೆ. ಸೆಟ್ಟಿಂಗ್ 215ಕ್ಕಿಂತ ಮೇಲೆ ಹೋಗುವ ಹಾಗಿಲ್ಲ, 430ರ ಸಿಟಿ ಬಿಡುವುದಿಲ್ಲ. ಆಗ ಇನ್ನೂ ದಪ್ಪ ಕೇಬಲ್ ಎಳೆಯಬೇಕು, ಇಲ್ಲಾ ಯಾರ್ಡ್‌ನಲ್ಲೇ ಪ್ಯಾರಲಲ್ ಮಾಡಿ ತಂತಿ ಚಿಕ್ಕದು ಮಾಡಬೇಕು, ಇಲ್ಲಾ ಸಿಟಿ ಬದಲಿಸಬೇಕು, ಅಥವಾ ಲೋ ಇಂಪಿಡೆನ್ಸ್ ನ್ಯೂಮರಿಕಲ್ ಸ್ಕೀಮ್‌ಗೆ ಹೋಗಬೇಕು. ಇದನ್ನು ಅಳತೆಗಳ ಸಮೇತ ಸ್ಟೇಷನ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಬರೆದಿಟ್ಟಿದ್ದೇನೆ.